ಬಿಡುಗಡೆ ಪತ್ರದಲ್ಲಿ ಬೇಡದ ಮಾತು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದದ್ದು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಉಗ್ರಾಣದವಳು ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಮುಗಿಸಿ, ಚಾರ್ಜು ಒಪ್ಪಿಸಿ ಮಾಲೀಕರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅನುಭವ ಮತ್ತು ಬಿಡುಗಡೆ ಪತ್ರ ಇಲ್ಲದೆ ಹೊಸ ಕಂಪನಿ ಅವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಒಳಗೆ ಮಾಲೀಕರು ಸಿಬ್ಬಂದಿ ವಿಭಾಗದ ಮೇಡಂಗೆ ಒಕ್ಕಣೆ ಹೇಳುತ್ತಿದ್ದರು.

"ಬರೀರಿ! ಬಾಯಿ ಜೋರು, ರಜೆ ಜಾಸ್ತಿ, ನಮ್ಮನ್ನ ನಡುನೀರಲ್ಲಿ ಕೈಬಿಟ್ಲು."

"ಅದೆಲ್ಲ ಬರೆಯಲ್ಲ ಸಾರ್. ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ರಾಜೀನಾಮೆ ಒಪ್ಪಿ ಬಿಡುಗಡೆ ಮಾಡಿದೀವಿ ಅಂತ. ಅಷ್ಟೇ."

"ಕಂಪನಿ ನಂದಮ್ಮಾ!"

"ಬರೆಯೋ ಕೈ ನಂದು ಸಾರ್."

ಮೇಡಂ ಹೋಗಿ ಎರಡು ಪತ್ರ ಟೈಪು ಮಾಡಿ ತಂದರು. ಮೊದಲನೆಯದನ್ನು ಮಾಲೀಕರದೇ ಗಡಸು ದನಿಯಲ್ಲಿ, ಅವರಂತೆಯೇ ಗಂಟಲು ಸರಿಮಾಡಿಕೊಂಡು ಓದಿದರು: "ಇವರು ಊಟವಾದ ಮೇಲೆ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರೆ. ಹೆಂಡತಿಯ ಫೋನು ಬಂದರೆ ಎದ್ದು ನಿಲ್ಲುತ್ತಾರೆ. ಆಮೇಲೆ ಸಿಬ್ಬಂದಿಯ ಮೇಲೆ ಹಾರಾಡುತ್ತಾರೆ."

"ಅಯ್ಯೋ, ಯಾರಮ್ಮ ಇವನು? ಹೀಗೆ ಬರೆದ್ರೆ ಪಾಪ ಯಾರು ಕೆಲಸ ಕೊಡ್ತಾರೆ?"

"ನೀವೇ ಸಾರ್. ಒಂದು ಸುಳ್ಳಿದ್ರೆ ಹೇಳಿ, ಆ ಸಾಲು ಹೊಡೆದು ಹಾಕ್ತೀನಿ."

ಮಾಲೀಕರ ಮುಖ ಕೆಂಪಾಯಿತು. ಮೇಡಂ ಕದಲದೆ ಎರಡನೆಯ ಪತ್ರವನ್ನು ಮುಂದಿಟ್ಟರು. ಅದರಲ್ಲಿ ಇರಬೇಕಾದಷ್ಟೇ ಇತ್ತು. ಮಾಲೀಕರು ಅದನ್ನು ಓದಿ, ಸಹಿ ಹಾಕಿ, ಮೊಹರು ಒತ್ತಿದರು.

"ಎದ್ದು ನಿಲ್ತೀನಾ ನಾನು?" ಎಂದವರೇ ಹೊಟ್ಟೆ ಹಿಡಿದು ನಗತೊಡಗಿದರು. ಹೆಂಗಸರಿಬ್ಬರೂ ನಕ್ಕರು. ಆದರೆ ಪಕ್ಕದ ಯಂತ್ರಗಳ ಸದ್ದನ್ನೂ ಮೀರಿ ಕೇಳಿದ್ದು ಮಾಲೀಕರ ನಗುವೇ.