ಎಲ್ಲದಕ್ಕೂ ಐದು ನಕ್ಷತ್ರ

ಸ್ಪಿರಿಟ್ಟಿನ ವಾಸನೆ ಎಂದರೆ ಪುಟ್ಟಿಗೆ ಅಪ್ಪನ ಅಂಗೈ. ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಅಪ್ಪ ಸಂಜೆ ಬಂದು ತಲೆ ಸವರಿದರೆ ಕೂದಲೆಲ್ಲ ಅದೇ ತಣ್ಣನೆಯ ಘಾಟು. ಆ ವಾಸನೆಯ ಬೆನ್ನು ಹಿಡಿದೇ ಅವಳು ಲ್ಯಾಬ್ ಟೆಕ್ನಿಷಿಯನ್ ಆದದ್ದು. ಈಗ ತಲೆ ನರೆತರೂ ಮನೆಯವರ ಬಾಯಲ್ಲಿ ಇನ್ನೂ ಪುಟ್ಟಿಯೇ. ಕೆಲಸ ಮಾಡುತ್ತಿದ್ದ ಲ್ಯಾಬ್ ಬಾಗಿಲು ಹಾಕಿದ ಮೇಲೆ ಆ ವಾಸನೆ ಮೂಗಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತಿತ್ತು.

ಊರಿನಲ್ಲಿ ಕೆಲಸ ಕೇಳಲು ಉಳಿದಿದ್ದುದು ಒಂದೇ ಲ್ಯಾಬ್. ನಾಳೆ ಬೆಳಿಗ್ಗೆ ಅಲ್ಲಿ ಸಂದರ್ಶನ. ಅದೂ ಕೈಬಿಟ್ಟರೆ ಹಾಸಿಗೆ ಹಿಡಿದ ಅಮ್ಮನನ್ನು ಅತ್ತಿಗೆಯ ಕೊರಳಿಗೆ ಕಟ್ಟಿ ಪರವೂರಿಗೆ ಹೋಗಬೇಕು. ಅಮ್ಮನಿಗೋ, ಪುಟ್ಟಿಯ ಕೈಯಿಂದಲ್ಲದೆ ಗುಟುಕು ನೀರೂ ಇಳಿಯುತ್ತಿರಲಿಲ್ಲ.

ಗಾರ್ಮೆಂಟ್ ಕಾರ್ಖಾನೆಯಲ್ಲಿ ಬಟ್ಟೆ ತಪಾಸಣೆ ಮಾಡುವ ಅತ್ತಿಗೆ ಬಯೋಡೇಟಾ ಕೈಗೆತ್ತಿಕೊಂಡಳು. ಅದನ್ನು ಮಾಡಿಕೊಟ್ಟದ್ದು ಪುಟ್ಟಿಯ ತಮ್ಮ. ಕೌಶಲಗಳ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆಯೂ ಐದಕ್ಕೆ ಐದು ನಕ್ಷತ್ರ.

"ಅಯ್ಯೋ, ಇದೇನೇ! ಆಕಾಶವನ್ನೇ ಇಳಿಸಿಬಿಟ್ಟಿದ್ದಾನಲ್ಲ ನಿನ್ನ ತಮ್ಮ!"

"ನೋಡೋಕೆ ಚೆನ್ನಾಗಿರುತ್ತೆ ಅಂದ, ಅತ್ತಿಗೆ. ಹೋದ ಸಲ ಬೇರೆ ಲ್ಯಾಬಿನ ಸಂದರ್ಶನದಲ್ಲಿ ಇದ್ರಿಂದಲೇ ಸಿಕ್ಕಿಬಿದ್ದೆ. ಕ್ಯಾಲಿಬ್ರೇಷನ್ ಫೇಲ್ ಆದ್ರೆ ಏನು ಮಾಡ್ತೀರಿ ಅಂತ ಕೇಳಿದ್ರು. ಮೆಷಿನ್ನಿನ ಅಳತೆ ಸರಿಹೊಂದಿಸೋ ಆ ಕೆಲಸ ನಮ್ಮಲ್ಲಿ ಮಾಡ್ತಿದ್ದಿದ್ದು ಮೆಷಿನ್ ಕಂಪನಿಯ ಎಂಜಿನಿಯರ್. ಬಾಯಿ ಕಟ್ಟಿಹೋಯ್ತು."

"ಆಮೇಲೆ?"

"ಆಮೇಲೆ ನಂಗೆ ನಿಜವಾಗಿ ಬರೋದನ್ನ ಹೇಳಿದ್ರೂ ನಂಬಲಿಲ್ಲ."

ಅತ್ತಿಗೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕುಳಿತಳು.

"ಈ ನಕ್ಷತ್ರಕ್ಕೆ ಅರ್ಥ ಯಾರಿಗೆ ಗೊತ್ತು? ಮಾತಲ್ಲಿ ಬರಿ. ಒಂದೊಂದಕ್ಕೂ ಕೇಳ್ತೀನಿ. ಒಬ್ಳೇ ಮಾಡ್ತೀಯಾ? ಕೆಟ್ಟರೆ ಯಾಕೆ ಕೆಟ್ಟಿತು ಅಂತ ಹುಡುಕ್ತೀಯಾ? ಇನ್ನೊಬ್ರಿಗೆ ಕಲಿಸ್ತೀಯಾ?"

ರಕ್ತ ತೆಗೆಯುವುದು, ಎಳೆಗೂಸುಗಳದ್ದೂ ಸೇರಿ: ಕಲಿಸಬಲ್ಲೆ. ರಕ್ತದ ಸ್ಲೈಡ್ ಓದುವುದು: ಸ್ವತಂತ್ರವಾಗಿ, ಅಸಹಜ ಕಣ ಕಂಡರೆ ವೈದ್ಯರಿಗೆ ತೋರಿಸುತ್ತೇನೆ. ದಿನದ ಕಂಟ್ರೋಲ್ ಪರೀಕ್ಷೆ: ಸ್ವತಂತ್ರವಾಗಿ. ಕ್ಯಾಲಿಬ್ರೇಷನ್ ಎಂದಾಗ ಪುಟ್ಟಿಯ ಪೆನ್ನು ನಿಂತಿತು.

"ಆ ಕೆಲಸಕ್ಕೆ ಅದೇ ಬೇಕಂತೆ ಅತ್ತಿಗೆ. ಬರಲ್ಲ ಅಂತ ಬರೆದ್ರೆ ಬಾಗಿಲಿನಿಂದಲೇ ವಾಪಸ್ ಕಳಿಸ್ತಾರೆ."

"ಬರೆಯದೇ ಹೋದ್ರೆ ಕುರ್ಚಿ ಮೇಲೆ ಕೂರಿಸಿ ಪ್ರಶ್ನೆ ಕೇಳಿ ಕಳಿಸ್ತಾರೆ, ಅಷ್ಟೇ ವ್ಯತ್ಯಾಸ."

ಪುಟ್ಟಿಗೆ ನಗುವೂ ಬಂತು, ಅಳುವೂ ಬಂತು. 'ಎಂಜಿನಿಯರ್ ಜೊತೆಯಲ್ಲಿ ನಿಂತು ಮಾಡಿದ್ದೇನೆ. ಒಬ್ಬಳೇ ಮಾಡಿಲ್ಲ' ಎಂದು ಬರೆದಳು. ಆವರೆಗೆ ಹೆಸರು ಮಾತ್ರ ಕೇಳಿದ್ದ ಪರೀಕ್ಷೆಗಳನ್ನು ಪೂರ್ತಿ ಹೊಡೆದುಹಾಕಿದಳು. ಪಟ್ಟಿ ಅರ್ಧವಾಯಿತು. ಬೋಳುಬೋಳಾದ ಹಾಳೆ ನೋಡಿ, ತನ್ನ ಇಷ್ಟು ವರ್ಷದ ದುಡಿಮೆಯೇ ಇಷ್ಟಾಯಿತಲ್ಲ ಎಂದುಕೊಂಡಳು.

ಬೆಳಿಗ್ಗೆ ತುತ್ತು ಇಳಿಯಲಿಲ್ಲ, ಹಾಗೆಯೇ ಹೋದಳು.

ಲ್ಯಾಬಿನ ಮುಖ್ಯಸ್ಥೆ ವಯಸ್ಸಾದ ಡಾಕ್ಟರು. ಅವರ ಬೆರಳು ನೇರವಾಗಿ ಅದೇ ಸಾಲಿನ ಮೇಲೆ ಹೋಗಿ ನಿಂತಿತು.

"ಒಬ್ಬರೇ ಮಾಡಿಲ್ಲ ಅಂತ ನೀವೇ ಬರೆದಿದ್ದೀರಿ."

"ಹೌದು ಮೇಡಂ."

"ನಮಗೆ ಒಬ್ಬರೇ ಮಾಡೋರು ಬೇಕಿತ್ತಲ್ಲಮ್ಮ."

ಪುಟ್ಟಿ ಎದ್ದು ಬಿಡಲೇ ಎಂದುಕೊಂಡಳು. ಅಮ್ಮನ ಒಣಗಿದ ತುಟಿ ಕಣ್ಣಮುಂದೆ ಬಂತು. ಎದ್ದೇಳಲಿಲ್ಲ.

ಡಾಕ್ಟರು ಬೆರಳನ್ನು ಒಂದು ಸಾಲು ಮೇಲೆ ಸರಿಸಿದರು. "ಇದು ಸ್ವತಂತ್ರವಾಗಿ ಅಂದಿದ್ದೀರಿ. ಬೆಳಿಗ್ಗೆ ಸಕ್ಕರೆಯ ಕಂಟ್ರೋಲ್ ಹಾಕಿದಿರಿ, ಮೂರು ಎಸ್‌ಡಿ ದಾಟಿ ಬಂತು. ಹೊರಗೆ ಜನ ರಿಪೋರ್ಟಿಗೆ ಕೂತಿದ್ದಾರೆ."

ಕಂಟ್ರೋಲ್ ಎಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್. ಅದು ಎಷ್ಟು ಆಚೀಚೆ ಸರಿಯಿತೆಂದು ಅಳೆಯುವುದು ಎಸ್‌ಡಿ ಲೆಕ್ಕದಲ್ಲಿ; ಮಿತಿ ಮೀರಿ ತಪ್ಪು ತೋರಿಸಿದರೆ ಆ ದಿನದ ಉತ್ತರಗಳನ್ನೆಲ್ಲ ನಂಬುವ ಹಾಗಿಲ್ಲ. ಇದನ್ನು ಪುಟ್ಟಿ ಪ್ರತಿ ಬೆಳಿಗ್ಗೆಯೂ ಮಾಡಿದ್ದಳು.

"ರಿಪೋರ್ಟು ಒಂದೂ ಬಿಡಲ್ಲ ಮೇಡಂ. ಕಾಯಿರಿ ಅಂತೀನಿ, ಬೈಸಿಕೊಳ್ತೀನಿ. ಇನ್ನೊಂದು ಲೆವೆಲ್ ಕಂಟ್ರೋಲ್ ಹೇಗೆ ಬಂತು ನೋಡ್ತೀನಿ. ಕಂಟ್ರೋಲ್ ಬಾಟಲಿ ಯಾವತ್ತು ಬಿಚ್ಚಿದ್ದು, ಪರೀಕ್ಷೆಗೆ ಬೆರೆಸೋ ರೀಏಜೆಂಟ್ ಹೊಸದು ಹಾಕಿದ್ರಾ, ಅವಧಿ ಮುಗಿದಿದೆಯಾ, ಗುಳ್ಳೆ ಇದೆಯಾ ನೋಡಿ, ಹೊಸ ಬಾಟಲಿ ಬಿಚ್ಚಿ ಮತ್ತೆ ಹಾಕ್ತೀನಿ."

"ಎರಡು ಎಸ್‌ಡಿ ಮಾತ್ರ ದಾಟಿದ್ರೆ?"

"ಒಂದೇ ಒಂದು ಸಲವಾದ್ರೆ ಅದು ಎಚ್ಚರಿಕೆ. ಎರಡು ಸಲ ಒಂದೇ ಕಡೆಗೆ ವಾಲಿದ್ರೆ ನಿಲ್ಲಿಸಿಬಿಡ್ತೀನಿ."

"ಹೊಸ ಬಾಟಲಿಯಲ್ಲೂ ಸರಿಬರಲಿಲ್ಲ?"

"ಆಗ ಕ್ಯಾಲಿಬ್ರೇಷನ್ ಬೇಕಾಗುತ್ತೆ. ಅಲ್ಲಿಗೆ..." ಪುಟ್ಟಿ ಹಾಳೆಯ ಆ ಸಾಲು ನೋಡಿದಳು. "ಅಲ್ಲಿಗೆ ನಿಮ್ಮನ್ನ ಕರೀತೀನಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. "ಕೆಲಸ ಕೊಡ್ತೀನಿ ಅಂತ ಹೇಳ್ತಿಲ್ಲ. ಬರೆದಿದ್ದನ್ನ ಮಧ್ಯಾಹ್ನ ಲ್ಯಾಬಿನ ಮೇಜಿನ ಮೇಲೆ ಮಾಡಿ ತೋರಿಸಿ. ಸರಿಹೋದ್ರೆ ಉಳಿದದ್ದು ಕಲಿಸೋಣವೋ ಬೇಡವೋ ಆಮೇಲೆ ನೋಡ್ತೀನಿ. ಹೊರಗೆ ಕೂತಿರಿ."

ಪುಟ್ಟಿ ಕಾರಿಡಾರಿನ ಬೆಂಚಿನ ಮೇಲೆ ಕುಳಿತಳು. ಸುತ್ತ ಸ್ಪಿರಿಟ್ಟಿನ ಘಾಟು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ, ಕೈ ಒಂದೇ ಸಮನೆ ನಡುಗುತ್ತಿತ್ತು. ಈ ಕೈಯಲ್ಲಿ ಸೂಜಿ ಹಿಡಿಯುವುದು ಹೇಗೆ? ಮೊಣಕಾಲುಗಳ ನಡುವೆ ಕೈಗಳನ್ನು ಒತ್ತಿ ಹಿಡಿದರೂ ನಿಲ್ಲಲಿಲ್ಲ.

ರಕ್ತ ತೆಗೆಯುವ ಕೋಣೆಯಿಂದ ಒಬ್ಬ ನರ್ಸಮ್ಮ ಹೊರಬಂದಳು. ಹೋಗುತ್ತ ಆ ಕೈಗಳನ್ನು ನೋಡಿದಳು, ಒಳಗೆ ಹೋದಳು, ಮತ್ತೆ ಬಂದಳು. ತನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಅನ್ನ ಹಾಕಿ, ಚಮಚ ಸಿಕ್ಕಿಸಿ, ಪುಟ್ಟಿಯ ತೊಡೆಯ ಮೇಲಿಟ್ಟು ನಡೆದಳು.