ಮಗು ಮಲಗಿದ ಮೇಲೆ

ಮಗು ಮಲಗಿದಾಗ ನೀನೂ ಮಲಗಿಬಿಡು ಎಂದು ಅವಳಿಗೆ ಹೇಳದವರೇ ಇರಲಿಲ್ಲ. ಹೆರಿಗೆ ಮಾಡಿಸಿದ ಡಾಕ್ಟರು ಹೇಳಿದ್ದರು, ಅತ್ತೆ ಹೇಳಿದ್ದರು, ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಹೇಳುತ್ತಿದ್ದರು. ಎಲ್ಲರಿಗೂ ಅವಳು ಹೂಂ ಎನ್ನುತ್ತಿದ್ದಳು. ಮಗುವಿನ ಕಡೆಯಿಂದ ಯಾವ ತಕರಾರೂ ಇರಲಿಲ್ಲ. ಹಾಲು ಕುಡಿದು, ತೇಗಿ, ಮುಷ್ಟಿ ಬಿಗಿದು ಎರಡು ಮೂರು ಗಂಟೆ ಗಡದ್ದಾಗಿ ಮಲಗುತ್ತಿತ್ತು. ನಿದ್ದೆ ಬಾರದಿದ್ದದ್ದು ತಾಯಿಗೆ.

ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅವಳು ಒಂಬತ್ತು ವರ್ಷ ಕೆಲಸ ಮಾಡಿದ್ದಳು. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವ ಕೆಲಸ. ಗಾಜಿನ ನಡುಬಿಂದು ಕಣ್ಣಿನ ಪಾಪೆಯ ಎದುರು ಬಾರದೆ ಎರಡು ಮಿಲಿಮೀಟರ್ ಆಚೀಚೆಯಾದರೂ ತೊಟ್ಟವರಿಗೆ ತಲೆನೋವು. ಆದ್ದರಿಂದ ಅಳೆದದ್ದನ್ನು ಇನ್ನೊಮ್ಮೆ ಅಳೆಯುವುದು ಅವಳಿಗೆ ರೂಢಿ. ಅವಳು ಕೂರಿಸಿದ ಗಾಜು ವಾಪಸು ಬಂದದ್ದಿಲ್ಲ ಎಂದು ಅಂಗಡಿಯ ಯಜಮಾನರು ಗಿರಾಕಿಗಳ ಮುಂದೆ ಬೀಗುತ್ತಿದ್ದರು. ಹಾಗಾಗಿ ಮೊದಲ ವಾರ ಅವಳು ಮಗುವಿನ ಉಸಿರು ಎಣಿಸಲು ಕೂತಾಗ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಅವಳ ಸ್ವಭಾವವೇ ಹಾಗೆ ಅಂದುಕೊಂಡರು.

ಮಗು ಉಸಿರಾಡುವ ರೀತಿ ಮಾತ್ರ ಅವಳಿಗೆ ಒಗ್ಗಲಿಲ್ಲ. ಸರಸರನೆ ಹತ್ತಿಪ್ಪತ್ತು ಉಸಿರು, ಆಮೇಲೆ ನಾಲ್ಕೈದು ಸೆಕೆಂಡು ಏನೂ ಇಲ್ಲ, ಮತ್ತೆ ಸರಸರ. ಆ ನಾಲ್ಕೈದು ಸೆಕೆಂಡು ಅವಳು ಮಗುವಿನ ಎದೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಗಂಡ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ. ಅವನನ್ನು ಎಬ್ಬಿಸುವ ಹಾಗಿರಲಿಲ್ಲ. ಅವನು ಬಸ್ಸಿನ ಡ್ರೈವರ್. ಬೆಳಗಿನ ಐದೂವರೆಗೆ ಡಿಪೋದಲ್ಲಿರಬೇಕು. ಐವತ್ತು ಜನರ ಪ್ರಾಣ ಅವನ ಕೈಯಲ್ಲಿ, ಒಂದು ಪ್ರಾಣ ನನ್ನ ಕೈಯಲ್ಲಿ, ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು.

ಐದನೆಯ ವಾರ ಅತ್ತೆ ಒಂದು ಉಪಾಯ ಹೂಡಿದರು. ಅತ್ತೆ ದರ್ಜಿ. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದ್ದರೂ ಹೊಲಿಗೆಯವರ ಮಾತು ಬಿಟ್ಟಿರಲಿಲ್ಲ. ದುಂಡಗಿದ್ದ ಮೊಮ್ಮಗಳಿಗೆ ಗುಂಡಿ ಎಂದು ಹೆಸರಿಟ್ಟಿದ್ದರು.

"ನಾನು ಗುಂಡೀನ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ. ಎರಡು ಗಂಟೆ ಈ ಕಡೆ ತಲೆ ಹಾಕಲ್ಲ. ನೀನು ಮಲಗು. ಮಲಗಿದ ಗುರುತಿಗೆ ಕೆನ್ನೆ ಮೇಲೆ ದಿಂಬಿನ ಗೆರೆ ಇರ್ಬೇಕು, ನೋಡ್ತೀನಿ."

ತಳ್ಳುಗಾಡಿಯ ಸದ್ದು ಕೆಳಗಿಳಿದು ಬೀದಿಯಲ್ಲಿ ಕರಗಿತು. ಅವಳು ಪರದೆ ಎಳೆದು ಮಲಗಿದಳು. ಮೈ ಸೋತು ಹಿಂಡಿದ ಬಟ್ಟೆಯಂತಾಗಿತ್ತು. ಆದರೂ ಕಣ್ಣು ಮುಚ್ಚಿದ ಕೂಡಲೇ ತಿರುವಿನಲ್ಲಿ ಬರುವ ಲಾರಿ ಕಂಡಿತು. ಅತ್ತೆಯ ಮಂಜುಗಣ್ಣು ನೆನಪಾಯಿತು. ಖಾಲಿ ಮನೆಯಲ್ಲಿ ಮಗು ಅತ್ತಂತಾಯಿತು. ಎದ್ದು ಹೋಗಿ ನೋಡಿದರೆ ನಲ್ಲಿಯಲ್ಲಿ ನೀರು ಬರುವ ಸದ್ದು. ಇಪ್ಪತ್ತು ನಿಮಿಷಕ್ಕೆ ಅವಳು ಒಂದು ಕಾಲಿಗೆ ಒಂದು ಜೋಡಿಯ ಚಪ್ಪಲಿ, ಇನ್ನೊಂದಕ್ಕೆ ಬೇರೆ ಜೋಡಿಯದು ಹಾಕಿಕೊಂಡು ಪಾರ್ಕಿನ ಗೇಟಿನಲ್ಲಿ ನಿಂತಿದ್ದಳು. ಮಗು ಗಾಡಿಯಲ್ಲಿ ಮಲಗಿತ್ತು. ಅತ್ತೆ ಬೆಂಚಿನ ಮೇಲೆ ಕೂತು ಅವಳ ಕಾಲುಗಳನ್ನೇ ನೋಡಿದರು, ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಅತ್ತೆಗೂ ತಿಳಿಯದ ಸಂಗತಿ ಇನ್ನೊಂದಿತ್ತು. ಅವರ ಮನೆ ಮೂರನೆಯ ಮಹಡಿಯಲ್ಲಿ. ಒಂದು ಮಧ್ಯಾಹ್ನ ಅವಳು ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದಾಗ, ಇದನ್ನು ನಾನೇ ಹೊರಗೆ ಎಸೆದುಬಿಟ್ಟರೆ, ಎಂಬ ಯೋಚನೆ ಬಂತು. ಯಾಕೆ ಬಂತು, ಎಲ್ಲಿಂದ ಬಂತು, ಗೊತ್ತಿಲ್ಲ. ಮಗುವನ್ನು ತೊಟ್ಟಿಲಲ್ಲಿಟ್ಟು ಗೋಡೆಗೊರಗಿ ಕೂತಳು. ಮರುದಿನ ಅದೇ ಯೋಚನೆ ಮತ್ತೆ ಬಂತು. ಅಂದು ಅವಳು ಕಿಟಕಿಯ ಚಿಲಕಕ್ಕೆ ತಂತಿ ಸುತ್ತಿ ಬಿಗಿದಳು. ಗಾಳಿಗೆ ಬಡಿಯುತ್ತೆ ಎಂದು ಗಂಡನಿಗೆ ಹೇಳಿದಳು. ನಿಜ ಹೇಳಿದರೆ ಮಗುವನ್ನು ತನ್ನಿಂದ ಕಿತ್ತುಕೊಳ್ಳುತ್ತಾರೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಏಳನೆಯ ವಾರ ಲಸಿಕೆಗೆ ಹೋದರು. ಆಸ್ಪತ್ರೆ ಬಸ್ ನಿಲ್ದಾಣದ ಹಿಂದೆ, ಎರಡು ಮಹಡಿಯ ಹಳೆಯ ಕಟ್ಟಡ, ಲಸಿಕೆಯ ಕೋಣೆ ಮೇಲಿನ ಮಹಡಿಯಲ್ಲಿ. ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ತುಂಬ ತಾಯಂದಿರು. ಸೂಜಿ ಚುಚ್ಚಿದ್ದಕ್ಕೆ ಮಗು ಊರು ಒಂದಾಗುವಂತೆ ಅತ್ತು, ಒಂದೇ ನಿಮಿಷದಲ್ಲಿ ಮರೆತು, ಅತ್ತೆಯ ಹೆಗಲ ಮೇಲೆ ಹೊರಗೆ ಹೋಯಿತು. ನರ್ಸು ಅವಳನ್ನು ಮಾತ್ರ ಕೂರಿಸಿಕೊಂಡು ಒಂದು ಹಾಳೆ ತೆಗೆದಳು. ನಡುವಯಸ್ಸಿನ ಹೆಂಗಸು, ಕನ್ನಡಕದ ಒಂದು ಕಾಲಿಗೆ ಅಂಟುಪಟ್ಟಿ ಸುತ್ತಿದ್ದಳು.

"ಎಲ್ಲ ತಾಯಂದ್ರಿಗೂ ಕೇಳೋ ಪ್ರಶ್ನೆಗಳು ಇವು. ಕಾರಣ ಇಲ್ದೆ ಗಾಬರಿ, ಭಯ ಆಗುತ್ತಾ?"

"ಇಲ್ಲ ಸಿಸ್ಟರ್."

"ಮಗು ಮಲಗಿದಾಗ, ಬೇರೆಯವರು ನೋಡ್ಕೊಳ್ತಾ ಇದ್ದಾಗ, ನಿಮಗೆ ನಿದ್ದೆ ಬರುತ್ತಾ?"

ಅವಳು ಅಂಟುಪಟ್ಟಿಯನ್ನೇ ನೋಡುತ್ತಿದ್ದಳು. "ಬರುತ್ತೆ," ಎಂದಳು.

ನರ್ಸು ಗುರುತು ಹಾಕಿದಳು. "ಇವತ್ತಲ್ಲದಿದ್ರೆ ಇನ್ನೊಂದಿನ ಬೇರೆ ಉತ್ತರ ನೆನಪಾದ್ರೂ ಬನ್ನಿ," ಎಂದಳು. ಮುಂದಿನವರನ್ನು ಕರೆದಳು.

ಹೊರಗೆ ಮೆಟ್ಟಿಲ ಬಳಿ ಅತ್ತೆ ಚೀಲ ಸರಿಮಾಡಿಕೊಳ್ಳಲು ಮಗುವನ್ನು ಅವಳತ್ತ ಚಾಚಿದರು. ಕೆಳಗೆ ಹದಿನೆಂಟು ಮೆಟ್ಟಿಲು, ಕಲ್ಲಿನವು. ಅವಳು ಕೈ ಚಾಚಲಿಲ್ಲ. ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು.

"ಏನಾಯ್ತೇ?"

"ಅತ್ತೆ, ನೀವೇ ಎತ್ಕೊಳ್ಳಿ. ನನ್ ಕೈಗೆ ಕೊಡ್ಬೇಡಿ."

ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡು ಕಾದರು.

"ನಾನು ಒಳಗೆ ಸುಳ್ಳು ಹೇಳ್ದೆ. ನಿದ್ದೆ ಬರಲ್ಲ. ಒಂದು ತಿಂಗಳಾಯ್ತು, ದಿನಕ್ಕೆ ಎರಡು ಗಂಟೆ ಆದ್ರೆ ಹೆಚ್ಚು. ಕೆಟ್ಟ ಕೆಟ್ಟ ಯೋಚನೆ ಬರ್ತವೆ. ಕಿಟಕಿಗೆ ತಂತಿ ಕಟ್ಟಿದ್ದು ಗಾಳಿಗಲ್ಲ."

ಅತ್ತೆಯ ಮುಖದಲ್ಲಿ ಏನು ಕಾಣುತ್ತದೋ ಎಂದು ಅವಳು ಹೆದರಿದ್ದಳು. ಕಂಡದ್ದು ಒಂದು ರೀತಿಯ ಕೋಪ, ಅದೂ ತಮ್ಮ ಮೇಲೆಯೇ.

"ಬೇರೆ ಬೇರೆ ಚಪ್ಪಲಿ ಹಾಕ್ಕೊಂಡು ಬಂದ ದಿನಾನೇ ನಾನು ಕೇಳ್ಬೇಕಿತ್ತು," ಎಂದರು. "ಬಾ. ಹೊಲಿಗೆ ತಪ್ಪಾದ್ರೆ ಬಿಚ್ಚಿ ಹೊಲಿಯೋದಪ್ಪ, ಅದ್ರಲ್ಲೇನಿದೆ. ಒಳಗೆ ಹೋಗಿ ನಿಜ ಹೇಳು. ನಾನೂ ಬರ್ತೀನಿ."

ನರ್ಸಿಗೆ ಆಶ್ಚರ್ಯವೇನೂ ಆಗಲಿಲ್ಲ. ಹಳೆಯ ಹಾಳೆ ಹರಿದು ಹೊಸದನ್ನು ತುಂಬಿಸಿದಳು, ತಾನೇ ಡಾಕ್ಟರ ಕೋಣೆಗೆ ಕರೆದೊಯ್ದಳು. ಡಾಕ್ಟರು ಚಿಕ್ಕ ವಯಸ್ಸಿನವರು. ಅವಸರವಿಲ್ಲದೆ ಕೇಳಿದರು. ಯೋಚನೆ ಬಂದಾಗ ಹಾಗೆ ಮಾಡಬೇಕು ಅನ್ನಿಸುತ್ತದೆಯೇ, ಹೆದರಿಕೆಯಾಗುತ್ತದೆಯೇ? ಹೆದರಿಕೆ, ಎಂದಳು ಅವಳು. ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆಯೇ? ಇಲ್ಲ, ಅಳು ಕೇಳಿದಂತಾಗುತ್ತದೆ, ಹೋಗಿ ನೋಡಿದರೆ ನಲ್ಲಿ. ಸಾಯಬೇಕು ಅನ್ನಿಸಿದೆಯೇ? ಇಲ್ಲ. ಮುಂಚೆ ಯಾವತ್ತಾದರೂ ದಿನಗಟ್ಟಲೆ ನಿದ್ದೆಯಿಲ್ಲದೆಯೂ ಭಾರೀ ಹುರುಪು ಬಂದಿತ್ತೇ? ಇಲ್ಲ.

"ನಾನು ಹುಚ್ಚಿ ಆಗ್ತಿದೀನಾ ಡಾಕ್ಟ್ರೇ?"

"ಇಲ್ಲ. ಬೇಡದ ಯೋಚನೆ ಬಂದು, ಅದಕ್ಕೆ ಹೆದರಿ ಕಿಟಕಿಗೆ ತಂತಿ ಕಟ್ಟೋದು ಆತಂಕದ ಲಕ್ಷಣ. ಇಂಥ ಯೋಚನೆ ಎಷ್ಟೋ ಜನ ತಾಯಂದ್ರಿಗೆ ಬರುತ್ತೆ, ಹೇಳಲ್ಲ ಅಷ್ಟೇ. ಬಂತು ಅಂದ ಮಾತ್ರಕ್ಕೆ ಹಾಗೆ ಮಾಡ್ತೀರ ಅಂತಲ್ಲ. ಮಗೂನ ಯಾರೂ ಕಿತ್ಕೊಳ್ಳಲ್ಲ."

"ಎಲ್ಲರಿಗೂ ಸುಸ್ತು ಇರುತ್ತಲ್ಲ, ನಾನು ಸಹಿಸ್ಕೋಬೇಕು ಅಂದ್ಕೊಂಡೆ."

"ಮೊದಲ ಎರಡು ವಾರ ಅಳು, ಕಳವಳ ಬಹಳ ಜನಕ್ಕೆ ಇರುತ್ತೆ, ತಾನಾಗೇ ಹೋಗುತ್ತೆ. ಆಮೇಲೂ ಹೋಗ್ಲಿಲ್ಲ, ಮಲಗೋಕೆ ಅವಕಾಶ ಸಿಕ್ಕಿದ್ರೂ ನಿದ್ದೆ ಬರ್ಲಿಲ್ಲ ಅಂದ್ರೆ ಬಂದು ತೋರಿಸ್ಬೇಕು. ಮಗೂಗೆ ಜ್ವರ ಬಂದ್ರೆ ಸಹಿಸ್ಕೊಳ್ಲಿ ಅಂತೀರಾ?"

ಆಮೇಲೆ ಡಾಕ್ಟರು ಅತ್ತೆಯತ್ತ ತಿರುಗಿದರು. ಇವಳು ಇಲ್ಲದ್ದನ್ನು ಇದೆ ಎಂದು ನಂಬಿದರೆ, ಯಾರೋ ಆಜ್ಞೆ ಮಾಡುತ್ತಿದ್ದಾರೆ ಎಂದರೆ, ದಿಕ್ಕು ತಪ್ಪಿದಂತೆ ಮಾತಾಡಿದರೆ, ನಿದ್ದೆಯೇ ಬೇಡವೆಂದು ಓಡಾಡಿದರೆ, ಸಾಯುವ ಮಾತೋ ಮಗುವಿಗೆ ಏನಾದರೂ ಮಾಡುವ ಮಾತೋ ಆಡಿದರೆ, ಬೆಳಗಾಗಲೆಂದು ಕಾಯದೆ ಒಬ್ಬಳನ್ನೇ ಬಿಡದೆ ಕರೆತರಬೇಕು ಎಂದರು. ಅತ್ತೆ ಪ್ರತಿಯೊಂದನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡರು.

ಥೈರಾಯ್ಡ್ ಪರೀಕ್ಷೆಗೂ ರಕ್ತಹೀನತೆ ಇದೆಯೇ ನೋಡುವುದಕ್ಕೂ ರಕ್ತ ತೆಗೆದರು. ಗುರುವಾರ ಅದೇ ಆಸ್ಪತ್ರೆಗೆ ಬರುವ ಮನೋವೈದ್ಯೆ ನೋಡಿ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದರು. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯ ಬಳಿ ಕೂತು ಮಾತಾಡಬೇಕೆಂದರು. ಮಗುವಿನ ಉಸಿರು ನಾಲ್ಕೈದು ಸೆಕೆಂಡು ತಡೆದು ಮುಂದುವರಿಯುವುದು ಈ ವಯಸ್ಸಿನಲ್ಲಿ ಸಹಜ, ಇಪ್ಪತ್ತು ಸೆಕೆಂಡು ನಿಂತರೆ ಅಥವಾ ತುಟಿ ನೀಲಿಯಾದರೆ ಮಾತ್ರ ಓಡಿ ಬನ್ನಿ ಎಂದು ನರ್ಸು ತೋರಿಸಿಕೊಟ್ಟಳು.

ಗಂಡನಿಗೆ ಹೇಳಿದ್ದು ಅತ್ತೆ. ಅವನು ಊಟದ ತಟ್ಟೆ ಸರಿಸಿ ಹೆಂಡತಿಯತ್ತ ತಿರುಗಿದ.

"ನನ್ನ ಯಾಕೆ ಎಬ್ಬಿಸ್ಲಿಲ್ಲ?"

"ನೀವು ಬಸ್ ಓಡಿಸ್ಬೇಕಲ್ಲ."

"ನಿದ್ದೆಗೆಟ್ಟ ಡ್ರೈವರ್‌ಗೆ ಡಿಪೋದಲ್ಲಿ ಸ್ಟೇರಿಂಗ್ ಮುಟ್ಟೋಕೆ ಬಿಡಲ್ಲ. ನೀನು ಒಂದು ತಿಂಗಳಿಂದ ಓಡಿಸ್ತಾ ಇದೀಯ," ಎಂದ. ಮರುದಿನವೇ ಕೇಳಿಕೊಂಡು ಮಧ್ಯಾಹ್ನದ ಪಾಳಿಗೆ ಬದಲಾದ. ರಾತ್ರಿ ಹತ್ತರಿಂದ ಮೂರರವರೆಗೆ ಮಗು ಅವನದ್ದು, ಹಿಂಡಿಟ್ಟ ಹಾಲು ಕುಡಿಸುವುದೂ ಅವನದ್ದು. ಅವಳು ಅತ್ತೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು.

ಎಲ್ಲವೂ ಕೂಡಲೇ ನೆಟ್ಟಗಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರ ಮಾತ್ರೆಯಿಂದ ಹೊಟ್ಟೆ ತೊಳಸಿತು, ಚಡಪಡಿಕೆ ಇನ್ನೂ ಹೆಚ್ಚಿತು. ಹೀಗಾಗಬಹುದೆಂದು ಮನೋವೈದ್ಯೆ ಮೊದಲೇ ಹೇಳಿದ್ದರಿಂದ ನಿಲ್ಲಿಸಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಕಣ್ಣು ತೆರೆದುಕೊಂಡೇ ಮಲಗಿದ ರಾತ್ರಿಗಳೂ ಇದ್ದವು. ಯೋಚನೆ ಬಂದರೆ ಅದರೊಡನೆ ಜಗಳಕ್ಕಿಳಿಯದೆ, ಬಂತು ಎಂದಷ್ಟೇ ಗುರುತಿಸಿ ಹೋಗಲು ಬಿಡುವುದನ್ನು ಸಮಾಲೋಚಕಿ ಕಲಿಸಿದಳು. ಮಗುವನ್ನು ಮತ್ತೆ ಮತ್ತೆ ಪರೀಕ್ಷಿಸುವುದನ್ನು ಹಂತಹಂತವಾಗಿ ಕಡಿಮೆ ಮಾಡಿಸಿದಳು: ಉಸಿರು ನೋಡುವುದು ಗಂಟೆಗೊಮ್ಮೆ, ಆಮೇಲೆ ಹಾಲಿನ ಹೊತ್ತಿಗೊಮ್ಮೆ. ತಂತಿ ಬಿಚ್ಚಿದ್ದು ಮಾತ್ರೆ ಶುರುವಾದ ನಾಲ್ಕನೆಯ ವಾರ, ಅವಳೇ, ಇಕ್ಕಳ ಹಿಡಿದು. ಆ ದಿನವಿಡೀ ಆ ಕೋಣೆಗೆ ಹೋಗಲಿಲ್ಲ. ಐದನೆಯ ವಾರ ಒಂದು ರಾತ್ರಿ ನಾಲ್ಕೂವರೆ ಗಂಟೆ ನಿದ್ದೆ ಬಂತು. ಎದ್ದವಳಿಗೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ.

ಚಿಕಿತ್ಸೆಯ ಮೂರನೆಯ ತಿಂಗಳ ತಪಾಸಣೆಗೆ ಅವಳು ಒಂದು ಗಂಟೆ ತಡವಾಗಿ ಹೋದಳು. ಬೆಳಿಗ್ಗೆ ಎಚ್ಚರವೇ ಆಗಿರಲಿಲ್ಲ. ಅತ್ತೆ ಬೇಕೆಂದೇ ಎಬ್ಬಿಸಿರಲಿಲ್ಲ. ಈಗ ಮಾತ್ರೆ ಬಿಡಬಹುದೇ ಎಂದು ಕೇಳಿದಳು. ಪೂರ್ತಿ ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಬೇಕು, ಬಿಡುವಾಗಲೂ ಕೇಳಿಯೇ ಬಿಡಬೇಕು ಎಂದರು ಮನೋವೈದ್ಯೆ. ಅವಳು ಒಪ್ಪಿದಳು. ಆ ವಾರವೂ ಒಂದು ರಾತ್ರಿ ಎದ್ದು ಎರಡು ಸಲ ತೊಟ್ಟಿಲು ನೋಡಿ ಬಂದಿದ್ದಳು, ಅದನ್ನೂ ಮುಚ್ಚಿಡದೆ ಹೇಳಿದಳು.

ಹೊರಗೆ ಬೆಂಚಿನ ಮೇಲೆ ಒಬ್ಬ ಹೊಸ ತಾಯಿ ಮಲಗಿದ್ದ ಮಗುವಿನ ಮೂಗಿನ ಬಳಿ ಬೆರಳಿಟ್ಟು ಕೂತಿದ್ದಳು. ಕಣ್ಣ ಕೆಳಗೆ ಮಸಿ ಬಳಿದಂತಿತ್ತು. ಅವಳು ಹೋಗಿ ಆಕೆಯ ಪಕ್ಕದಲ್ಲಿ ಕೂತಳು. ಮಲಗು ಎಂದು ಹೇಳಲಿಲ್ಲ.

"ನಿಮಗೆ ನಿದ್ದೆ ಬರುತ್ತಾ?" ಎಂದು ಕೇಳಿದಳು.