ಮೂರನೇ ಸ್ಕ್ರೀನ್‌ಶಾಟ್

ಬೇರೆಯವರ ತಪ್ಪು ಹುಡುಕುವುದೇ ಕೆಲಸವಾದವರಿಗೆ ತಮ್ಮ ತಪ್ಪು ಕಾಣುವುದು ತಡ. ತಮಿಳು ಸೀಮೆಯ ಆರ್.ಎಸ್. ಪುರಂನ ಪುಟ್ಟ ಕಂಪನಿಯೊಂದರಲ್ಲಿ ಟೆಸ್ಟರ್ ಆಗಿದ್ದ ಶ್ರೀಜಾ ಈ ಮಾತಿಗೆ ಹೊರತಾಗಿರಲಿಲ್ಲ. ದನದ ಡಾಕ್ಟರನ್ನು ಮನೆಗೇ ಕರೆಸಿಕೊಳ್ಳುವ ಆಪ್ ಅವರದು. ಅದು ಎಲ್ಲಿ ಕೆಡುತ್ತದೆಂದು ಕಂಡುಹಿಡಿದು ಬಗ್ ರಿಪೋರ್ಟ್ ಬರೆಯುವುದು ಅವಳ ಪಾಲಿನದು.

ಸೋಮವಾರ ಬೆಳಿಗ್ಗೆ ಸಹಾಯವಾಣಿಯಿಂದ ಮೂರು ಸ್ಕ್ರೀನ್‌ಶಾಟ್ ಬಂದವು. ಅನ್ನೂರಿನ ಹತ್ತಿರದ ಹಳ್ಳಿಯ ಬೆಳ್ಳಿಯಮ್ಮನ ಫೋನಿನಿಂದ ಅವಳ ಮಗ ಭೂಪತಿ ಕಳಿಸಿದ್ದ. ಬುಕ್ಕಿಂಗ್ ಆಗುತ್ತಿಲ್ಲ ಎಂದಷ್ಟೇ ಬರೆದಿದ್ದ. ಮೊದಲನೆಯದರಲ್ಲಿ ಹಸುವನ್ನು ಆರಿಸಿದ್ದರು, ಎರಡನೆಯದರಲ್ಲಿ ‘ಕರು ಹಾಕಲು ತೊಂದರೆ’ ಎಂಬುದನ್ನು, ಮೂರನೆಯದರಲ್ಲಿ ಡಾಕ್ಟರ್ ಬರಬೇಕಾದ ಸಮಯವನ್ನು. ಅದರ ಕೆಳಗೆ ಇರಬೇಕಾಗಿದ್ದ ‘ಖಚಿತಪಡಿಸಿ’ ಬಟನ್ ಇರಲಿಲ್ಲ.

ಚಿತ್ರವನ್ನು ಕತ್ತರಿಸಿ ಕಳಿಸಿರಬೇಕು ಎಂದುಕೊಂಡಳು ಶ್ರೀಜಾ. ಕಂಡದ್ದನ್ನೆಲ್ಲ ಹಂತಹಂತವಾಗಿ ರಿಪೋರ್ಟಿಗೆ ಇಳಿಸಿದಳು. ಫೋನಿನ ಮಾಡೆಲ್ಲನ್ನು ಭೂಪತಿಯಿಂದ ಕೇಳಿ ತರಿಸಿದಳು; ಆಪ್‌ನ ವರ್ಷನ್ ಮೊದಲ ಚಿತ್ರದಲ್ಲೇ ಇತ್ತು. ಆಫೀಸಿನಲ್ಲಿದ್ದ ಅದೇ ಮಾಡೆಲ್ಲಿನ ಫೋನ್ ಹಿಡಿದು ಅವೇ ಹಂತಗಳನ್ನು ಮಾಡಿ ನೋಡಿದಳು. ಬಟನ್ ಬಂತು, ಒತ್ತಿದಳು, ಬುಕ್ಕಿಂಗ್ ಆಯಿತು. ‘ನಮ್ಮಲ್ಲಿ ಈ ದೋಷ ಕಾಣಲಿಲ್ಲ, ಎಲ್ಲ ಸರಿಯಾಗಿದೆ’ ಎಂದು ಬರೆದು ರಿಪೋರ್ಟ್ ಮುಚ್ಚಿ ಊಟಕ್ಕೆ ಎದ್ದಳು. ಸಹಾಯವಾಣಿಯವರು ಆ ಸಾಲನ್ನೇ ತಮಿಳಿಗೆ ಮಾಡಿ ಭೂಪತಿಗೆ ಕಳಿಸಿದರು.

ಮರುದಿನ ಅವನಿಂದ ಒಂದೇ ಸಾಲು ಬಂತು: ‘ಇನ್ನು ಬೇಡ.’ ಸಮಸ್ಯೆ ಬಗೆಹರಿಯಿತೆಂದು ಶ್ರೀಜಾ ಸಮಾಧಾನಪಟ್ಟುಕೊಂಡಳು. ಆಮೇಲೆ ಅವಳನ್ನು ಹೆಚ್ಚು ಸುಟ್ಟದ್ದು ಆ ಸಮಾಧಾನವೇ.

ಅಂದು ಸಂಜೆ ಮನೆಯಲ್ಲಿ ಅಜ್ಜಿ ರಾಧಮ್ಮ, ಮರಿಮಗನ ಫೋಟೋ ತೆರೆದುಕೊಡು ಎಂದು ತಮ್ಮ ಫೋನ್ ಚಾಚಿದರು. ಪರದೆಯ ಅಕ್ಷರಗಳು ಹುಣಸೆಬೀಜದಷ್ಟು ದಪ್ಪ, ಒಂದೊಂದು ಸಾಲೂ ಮುರಿದು ಎರಡಾಗಿತ್ತು. ಕಣ್ಣು ಮಂಜೆಂದು ಅಜ್ಜಿ ಗೊಣಗಿದಾಗ ಅವನ್ನು ದೊಡ್ಡದು ಮಾಡಿಕೊಟ್ಟವಳು ಶ್ರೀಜಾಳೇ. ಅವಳ ಕೈ ಅಲ್ಲೇ ನಿಂತಿತು. ಮೂರನೇ ಸ್ಕ್ರೀನ್‌ಶಾಟಿನಲ್ಲೂ ಸಮಯದ ಸಾಲು ಹೀಗೆಯೇ ಮುರಿದು ಎರಡಾಗಿತ್ತಲ್ಲ?

ಮಾರನೆಯ ಬೆಳಿಗ್ಗೆ ಆಫೀಸಿಗೆ ಹೋದವಳೇ ಚಿತ್ರವನ್ನು ತೆರೆದಳು. ತಳದಲ್ಲಿ ಫೋನಿನದೇ ಮೂರು ಗುರುತುಗಳು, ಹಿಂದೆ ಹೋಗುವುದು, ಮುಖಪುಟಕ್ಕೆ ಹೋಗುವುದು, ಇನ್ನೊಂದು, ಅಚ್ಚುಕಟ್ಟಾಗಿ ಕೂತಿದ್ದವು. ಯಾರೂ ಏನೂ ಕತ್ತರಿಸಿರಲಿಲ್ಲ. ಟೆಸ್ಟ್ ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿ ನೋಡಿದರೆ ಬಟನ್ ಪರದೆಯ ಕೆಳಗೆ ಜಾರಿಹೋಯಿತು. ಮೇಲಕ್ಕೆ ಸರಿಸಿದರೆ ಪುಟ ಅಲುಗಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇಂಥವರಿಗೇ.

ಅಕ್ಷರದ ಗಾತ್ರ ಕೇಳಿ ಖಾತ್ರಿಮಾಡಿಕೊಳ್ಳಲು ಭೂಪತಿಗೆ ಫೋನ್ ಮಾಡಿದಳು. ತಮಿಳಿನಲ್ಲೇ ಮಾತು ಶುರುವಾಯಿತು. ಹೌದು, ಅಮ್ಮನಿಗೆ ಓದಲಾಗಲೆಂದು ಅಕ್ಷರ ದೊಡ್ಡದು ಮಾಡಿದ್ದೇನೆ ಎಂದ. ಹಿಂದಿನಿಂದ ಯಾರೋ ಕನ್ನಡದಲ್ಲಿ, ಯಾರದು ಎಂದು ಕೇಳಿದರು. ಶ್ರೀಜಾಳೂ ಕನ್ನಡಕ್ಕೆ ಹೊರಳಿದಳು. ಫೋನ್ ಬೆಳ್ಳಿಯಮ್ಮನ ಕೈಗೆ ಹೋಯಿತು.

ಹಸು ಹೇಗಿದೆ ಎಂದು ಕೇಳುವ ಧೈರ್ಯ ಶ್ರೀಜಾಳಿಗೆ ಬರಲಿಲ್ಲ. ರಿಪೋರ್ಟಿನಲ್ಲಿ ‘ನಿರೀಕ್ಷಿಸಿದ್ದು’ ಎಂಬ ಖಾನೆಯಿದೆಯಲ್ಲ, ಅಭ್ಯಾಸಬಲದಿಂದ ಅದನ್ನೇ ಕೇಳಿಬಿಟ್ಟಳು. “ಸಮಯ ಒತ್ತಿದ ಮೇಲೆ ಏನಾಗುತ್ತೆ ಅಂದ್ಕೊಂಡಿದ್ರಿ ಅಮ್ಮಾ?”

“ಡಾಕ್ಟ್ರು ಬತ್ತಾರೆ ಅಂತ ಇದ್ದೆ, ಕಣ್ಣು ಮಗಾ. ಎಲ್ಲಾ ಸರಿಯಾಗೈತೆ ಅಂತ ನೀವೇ ಹೇಳಿದ್ರಲ್ಲಾ. ಅದ್ಕೇ ಬೇರೆ ಯಾರ್ನೂ ಕೂಗ್ಲಿಲ್ಲ. ವಾಸಲ್ನಾಗೆ, ಬಾಗ್ಲಾಗೇ ಕೂತು ದಾರಿ ನೋಡ್ತಾ ಇದ್ದೆ. ಹಸೂನೂ ಹೋಯ್ತು, ಕರೂನೂ ಹೋಯ್ತು.”

ಬೈದಿದ್ದರೆ ಒಳ್ಳೆಯದಿತ್ತು. ಬೆಳ್ಳಿಯಮ್ಮ ಬೈಯಲಿಲ್ಲ, ಊಟ ಆಯಿತೇ ಎಂದು ಕೇಳಿ ಫೋನ್ ಇಟ್ಟಳು. ಆ ಚಿತ್ರಗಳಲ್ಲಿ ಒಂದು ಹಸು ನರಳುತ್ತಿದೆ ಎನ್ನುವುದು ಸೋಮವಾರವೇ ತಮಿಳಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಶ್ರೀಜಾ ಅದನ್ನು ಎರಡನೇ ಹಂತವೆಂದು ಓದಿದ್ದಳು, ಅಷ್ಟೆ.

ರಿಪೋರ್ಟನ್ನು ಮತ್ತೆ ತೆರೆದಳು. ಹಂತಗಳ ಮೊದಲಿಗೆ ‘ಅಕ್ಷರದ ಗಾತ್ರ ಅತಿ ದೊಡ್ಡದು’ ಎಂದು ಸೇರಿಸಿದಳು. ನಡೆದದ್ದು: ಬಟನ್ ಪರದೆಯಾಚೆ ಉಳಿಯುತ್ತದೆ, ಪುಟ ಸರಿಯುವುದಿಲ್ಲ. ನಿರೀಕ್ಷಿಸಿದ್ದು: ಯಾವ ಗಾತ್ರದಲ್ಲೂ ಬಟನ್ ಕಾಣಬೇಕು. ಅದರ ಮೇಲೆ ಇನ್ನೊಂದು ಸಾಲು ಬರೆದಳು: ಡಾಕ್ಟರ್ ಬರಬೇಕು.

ಮೇಲಧಿಕಾರಿ ಗುರುಪ್ರಸನ್ನ ಓದಿ ಅವಳ ಮೇಜಿನ ಬಳಿ ಬಂದರು. ಕೆಟ್ಟ ಮನುಷ್ಯರಲ್ಲ. ಬಟನ್ನಿನ ಸಾಲು ಸರಿ, ಆಪ್ ಬರೆಯುವವರು ನಾಳೆಯೇ ಸರಿಪಡಿಸಿಕೊಡುತ್ತಾರೆ ಎಂದರು. ಆಮೇಲೆ ಮೇಲಿನ ಸಾಲಿನ ಮೇಲೆ ಬೆರಳಿಟ್ಟು, “ಇದನ್ನ ಹೇಗಮ್ಮಾ ಟೆಸ್ಟ್ ಮಾಡೋದು?” ಎಂದರು.

“ಅದು ಟೆಸ್ಟ್ ಆಗ್ಹೋಗಿದೆ ಸಾರ್,” ಎಂದಳು ಶ್ರೀಜಾ, “ಸೋಮವಾರವೇ.”